ಗುಬ್ಬವ್ವನ ಬಾಗಿಲು: ಪುಟ್ಟ ಮಕ್ಕಳ ಮಲಗೋ ಹೊತ್ತಿನ ಅನಿಮೇಷನ್ ಬಗ್ಗೆ ನೀವು ಪದೇ ಪದೇ ಕೇಳೋ ಪ್ರಶ್ನೆಗಳು

ನಾವು ಪುಣೆಲಿರೋ ಧಾರವಾಡದ ಮಂದಿ. ನಾನು ಹಗಲೆಲ್ಲಾ ಜಾಹೀರಾತಿನ ಅನಿಮೇಷನ್ ಮಾಡ್ತೀನಿ, ರಾತ್ರಿ ನಮ್ಮ ಎರಡೂವರೆ ವರ್ಷದ ಮಗಳನ್ನ ಮಲಗಿಸ್ತೀನಿ, ಈ ಎರಡರಲ್ಲಿ ಎರಡನೇದು ಕಷ್ಟ. ಕಾಗಕ್ಕ ಗುಬ್ಬಕ್ಕನ ಕಥೆನ ಒಂದು ಮಳೆಗಾಲ ಪೂರ್ತಿ ಕೂತು ಮಲಗೋ ಹೊತ್ತಿನ ಅನಿಮೇಷನ್ ಮಾಡಿದ್ವಿ. ನೋಡಿದ ಗೆಳೆಯರು, ಸೊಸೈಟಿಯವರು, ತಾವೂ ಮಾಡಬೇಕು ಅಂತಿರೋರು ಎಲ್ಲಾ ಕೇಳಿದ್ದನ್ನೇ ಕೇಳ್ತಿದಾರೆ, ಅದಕ್ಕೇ ಒಂದೇ ಕಡೆ ಬರೆದಿಡ್ತಿದೀನಿ.

ಮಲಗೋ ಮುಂಚೆ ಸ್ಕ್ರೀನ್ ತೋರಿಸಬಾರದು ಅಂತಾರಲ್ಲ, ಮತ್ತೆ ನೀವು ಇದನ್ನ ಮಾಡಿದ್ದು ಯಾಕೆ?

ಸರಿಯಾದ ಪ್ರಶ್ನೆ, ಇದಕ್ಕೆ ಮೊದಲು ಉತ್ತರ ಹೇಳದೆ ಮುಂದೆ ಹೋಗೋಕಾಗಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿರೋದು, ಒಂದು ವರ್ಷದ ಮಕ್ಕಳಿಗೆ ಸ್ಕ್ರೀನ್ ಬೇಡವೇ ಬೇಡ, ಎರಡು ವರ್ಷದೋರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆ ಆದಷ್ಟೂ ಒಳ್ಳೇದು ಅಂತ. ಅಮೆರಿಕದ ಮಕ್ಕಳ ಡಾಕ್ಟರುಗಳ ಸಂಘ ಮಲಗೋ ಒಂದು ಗಂಟೆ ಮುಂಚೇನೇ ಆಫ್ ಮಾಡಿ ಅನ್ನುತ್ತೆ. ಇದನ್ನ ನಾನು ಒಪ್ಪುತೀನಿ. ಆದ್ರೆ ನಮ್ಮ ಮನೆಲಿ ನಿಜವಾಗಿ ನಡೀತಿದ್ದದ್ದು ಏನು ಅಂದ್ರೆ, ಎಂಟೂವರೆಗೆ ಊಟ ಮುಗಿಸೋ ಹೊತ್ತಿಗೆ ಫೋನ್ ಅವಳ ಕೈಲಿ ಇರ್ತಿತ್ತು, ಎರಡು ಸೆಕೆಂಡಿಗೊಂದು ಸಲ ಚಿತ್ರ ಬದಲಾಗೋ, ಕುಣಿಯೋ ಬಸ್ಸು ಹಾಡೋ ಹಣ್ಣುಗಳ ವಿಡಿಯೋ ಓಡ್ತಿತ್ತು, ಕಸ್ಕೊಂಡ್ರೆ ಇಡೀ ವಿಂಗ್‌ಗೆ ಕೇಳೋ ಹಾಗೆ ಅಳು.

ಹಾಗಾಗಿ ನಾವು ಇಟ್ಕೊಂಡ ಗುರಿ ಒಂದೇ. ಈ ವಿಡಿಯೋದ ಚಿತ್ರ ತನ್ನಷ್ಟಕ್ಕೆ ತಾನೇ ಬೇಡ ಆಗಬೇಕು. ಮೊದಲ ಮೂರು ರಾತ್ರಿ ನೋಡ್ಲಿ, ನಾಲ್ಕನೇ ರಾತ್ರಿಯಿಂದ ಫೋನ್ ಬೋರಲು ಹಾಕಿಟ್ರೂ ಕಥೆ ಪೂರ್ತಿ ಗೊತ್ತಾಗಬೇಕು. ಕೆಳಗೆ ಬರೋ ಪ್ರತಿಯೊಂದು ತೀರ್ಮಾನಾನೂ ಇಲ್ಲಿಂದಲೇ ಹುಟ್ಟಿದ್ದು. ಎರಡು ವರ್ಷಕ್ಕಿಂತ ಚಿಕ್ಕ ಕೂಸಿಗೆ ದಯವಿಟ್ಟು ಆಡಿಯೋ ಮಾತ್ರ ಹಾಕಿ, ಅದಕ್ಕಿಂತ ಒಳ್ಳೇದು ನೀವೇ ಹೇಳಿ, ಕಥೆ ನಿಮಗೂ ಗೊತ್ತಿರೋದೇ.

ಇಷ್ಟೊಂದು ಕಥೆ ಇರುವಾಗ ಕಾಗಕ್ಕ ಗುಬ್ಬಕ್ಕನೇ ಯಾಕೆ?

ಯಾಕಂದ್ರೆ ಅದರ ಅಸ್ಥಿಪಂಜರವೇ ಪುನರಾವರ್ತನೆ. ಮಳೆ ಬರುತ್ತೆ, ಕಾಗಕ್ಕನ ಸಗಣಿ ಮನೆ ಕೊಚ್ಕೊಂಡು ಹೋಗುತ್ತೆ, ಗುಬ್ಬಕ್ಕನ ಮನೆಗೆ ಬಂದು ಬಾಗಿಲು ಬಡಿಯುತ್ತೆ. ನಮ್ಮತ್ತೆ ಹೇಳೋ ರೀತಿ ಹೀಗೆ: "ಗುಬ್ಬವ್ವ ಗುಬ್ಬವ್ವ, ಬಾಗಲಾ ತಗಿ." "ತಡಿಯವಾ, ನನ್ನ ಕೂಸಿಗೆ ನೀರ ಎರೀಲಿಕತ್ತೀನಿ." ಮತ್ತೆ ಬಡಿಯುತ್ತೆ, ಈ ಸಲ ಮೈ ಒರಸ್ಲಿಕತ್ತೀನಿ, ಆಮೇಲೆ ಕುಂಚಿಗಿ ಹಾಕ್ಲಿಕತ್ತೀನಿ, ಕಾಡಗಿ ಹಚ್ಲಿಕತ್ತೀನಿ, ಹಾಲ ಕುಡಸ್ಲಿಕತ್ತೀನಿ, ಕೊನೆಗೆ ತೊಟ್ಟಲಾಗ ಹಾಕ್ಲಿಕತ್ತೀನಿ.

ಗಮನಿಸಿ ನೋಡಿ, ಇದು ಸುಮ್ನೆ ಪುನರಾವರ್ತನೆ ಅಲ್ಲ, ಮಗೂನ ಮಲಗಿಸೋ ಕ್ರಮವೇ ಕಥೆಯೊಳಗೆ ಕೂತಿದೆ, ಅದೂ ಸರಿಯಾದ ಅನುಕ್ರಮದಲ್ಲಿ. ಯಾವ ಅಜ್ಜಿ ಮೊದಲು ಹೇಳಿದ್ಲೋ ಗೊತ್ತಿಲ್ಲ, ನಾನು ಹತ್ತು ಸಲ ಸ್ಟೋರಿಬೋರ್ಡ್ ಬರೆದಿದ್ರೂ ಇಷ್ಟು ಚಂದ ಬರ್ತಿರಲಿಲ್ಲ. ಇನ್ನೊಂದು ಲಾಭ ಅಂದ್ರೆ ಮರಾಠಿಲೂ ಇದೇ ಕಥೆ ಇದೆ, 'ಚಿವುತಾಯಿ ಚಿವುತಾಯಿ ದಾರ್ ಉಘಡ್' ಅಂತ. ಎದುರು ಫ್ಲ್ಯಾಟಿನ ಮರಾಠಿ ಕಾಕು ಕನ್ನಡ ಒಂದಕ್ಷರ ಬರದಿದ್ರೂ ಎರಡನೇ ಬಡಿತಕ್ಕೆ ನಗೋಕೆ ಶುರು ಮಾಡಿದ್ರು.

ಒಂದೇ ಮಾತನ್ನ ಆರು ಸಲ ಹೇಳಿದ್ರೆ ಮಗುಗೆ ಬೋರ್ ಆಗಲ್ವಾ?

ಬೋರ್ ಆಗೋದು ನಮಗೆ. ಎರಡು-ಮೂರು ವರ್ಷದ ಮಗುಗೆ ಮುಂದೆ ಏನು ಬರುತ್ತೆ ಅಂತ ಗೊತ್ತಿರೋದೇ ಸುಖ. 2011ರಲ್ಲಿ ಇಂಗ್ಲೆಂಡಿನಲ್ಲಿ ಮೂರು ವರ್ಷದ ಮಕ್ಕಳ ಮೇಲೆ ಮಾಡಿದ ಒಂದು ಅಧ್ಯಯನದಲ್ಲಿ, ಬೇರೆ ಬೇರೆ ಕಥೆ ಕೇಳಿದ ಮಕ್ಕಳಿಗಿಂತ ಅದೇ ಕಥೆ ಮತ್ತೆ ಮತ್ತೆ ಕೇಳಿದ ಮಕ್ಕಳು ಹೊಸ ಪದಗಳನ್ನ ಚೆನ್ನಾಗಿ ಕಲಿತಿದ್ರು, ಎರಡೂ ಗುಂಪಿಗೆ ಆ ಪದಗಳು ಅಷ್ಟೇ ಸಲ ಕೇಳಿಸಿದ್ರೂ.

ಆದ್ರೆ ಒಂದು ನಿಯಮ ಇದೆ. ಪ್ರತಿ ಸುತ್ತಿನಲ್ಲಿ ಬದಲಾಗೋದು ಒಂದೇ ಒಂದು ಸಂಗತಿ ಇರಬೇಕು. ನಮ್ಮ ಮೊದಲ ಡ್ರಾಫ್ಟಲ್ಲಿ ಪ್ರತಿ ಸಲ ಗುಬ್ಬಕ್ಕನ ಕೆಲಸದ ಜೊತೆ ಕ್ಯಾಮೆರಾ ಆಂಗಲ್ಲೂ ಬದಲಾಗ್ತಿತ್ತು, ಕಾಗಕ್ಕನ ಮುಖದ ಭಾವಾನೂ ಬದಲಾಗ್ತಿತ್ತು. ನಾನು ಜಾಹೀರಾತಿನ ಚಟದಲ್ಲಿ ಮಾಡಿದ್ದೆ, ನೋಡೋಕೆ ಸಖತ್ತಾಗೇ ಇತ್ತು. ಮಗಳು ಪ್ರತಿ ಸುತ್ತಿಗೂ ಎದ್ದು ಕೂತು "ಇದು ಏನು, ಇದು ಏನು" ಅಂತ ಬೆರಳು ತೋರಿಸ್ತಿದ್ಲು. ಆಮೇಲೆ ಎಲ್ಲಾ ಸುತ್ತಿಗೂ ಬಾಗಿಲಿನ ಹೊರಗಡೆ ಒಂದೇ ಚೌಕಟ್ಟು, ಒಳಗಡೆ ಒಂದೇ ಚೌಕಟ್ಟು ಅಂತ ಮಾಡಿದ್ವಿ. ಅದೇ ಕಿಟಕಿ, ಅದೇ ದೀಪ, ಅದೇ ಜಾಗದಲ್ಲಿ ಗುಬ್ಬಕ್ಕ. ಕೆಲಸ ಒಂದೇ ಬೇರೆ. ನಮಗೂ ಅರ್ಧ ಕೆಲಸ ಉಳೀತು ಅನ್ನೋದನ್ನ ಮುಚ್ಚಿಡಲ್ಲ.

ನಿಧಾನ ಅಂದ್ರೆ ಎಷ್ಟು ನಿಧಾನ?

ನಮ್ಮ ಲೆಕ್ಕ ಹೇಳ್ತೀನಿ. ಶುರುವಿನ ಮಳೆ ದೃಶ್ಯ 35 ಸೆಕೆಂಡ್. ಆಮೇಲೆ ಆರು ಸುತ್ತುಗಳು 40, 45, 50, 60, 70, 80 ಸೆಕೆಂಡ್. ಒಟ್ಟು 6 ನಿಮಿಷ 20 ಸೆಕೆಂಡ್ ಚಿತ್ರ, ಅದರ ನಂತರ 4 ನಿಮಿಷ ಕಪ್ಪು ಪರದೆ ಮೇಲೆ ಬರೀ ಮಳೆ. ಮೊದಲನೇ ಸುತ್ತಿನಲ್ಲಿ ನಾಲ್ಕು ಶಾಟ್ ಇದ್ರೆ ಆರನೇದರಲ್ಲಿ ಒಂದೇ, ತೊಟ್ಟಿಲು ತೂಗ್ತಿರೋದು, 80 ಸೆಕೆಂಡ್ ಕಟ್ಟೇ ಇಲ್ಲ.

ಇಲ್ಲಿ ಎಲ್ಲರೂ ಮಾಡೋ ತಪ್ಪು ಅಂದ್ರೆ ಮೊದಲಿಂದಲೇ ನಿಧಾನ ಮಾಡೋದು. ಓಡಾಡಿ ಬಂದ ಮಗು ಮೊದಲ ನಿಮಿಷದಲ್ಲೇ ಅಷ್ಟು ನಿಧಾನಕ್ಕೆ ಇಳಿಯಲ್ಲ, ಎದ್ದು ಹೋಗುತ್ತೆ. ಮಗು ಇರೋ ವೇಗದಲ್ಲಿ ಶುರು ಮಾಡಿ, ಕೈ ಹಿಡಿದು ಮೆಟ್ಟಿಲು ಇಳಿಸಿದ ಹಾಗೆ ಇಳಿಸಬೇಕು.

ಇನ್ನೊಂದು ತಪ್ಪು ಇದೆ, ಅದೇ ಅನಿಮೇಷನ್‌ನ ಸಾಫ್ಟ್‌ವೇರಲ್ಲಿ ಎಳೆದು ಉದ್ದ ಮಾಡೋದು. ಗುಬ್ಬಕ್ಕ ನೀರೊಳಗೆ ನಡೆದ ಹಾಗೆ ಕಾಣುತ್ತೆ. ಚಲನೆಯ ವೇಗ ಸಹಜವಾಗೇ ಇರ್ಲಿ, ಒಂದು ಚಲನೆ ಮುಗಿದು ಇನ್ನೊಂದು ಶುರು ಆಗೋ ಮಧ್ಯದ ಬಿಡುವು ಉದ್ದ ಆಗ್ಲಿ. ಧ್ವನಿಗೂ ಇದೇ ಮಾತು. ಅತ್ತೆಗೆ ನಿಧಾನಕ್ಕೆ ಮಾತಾಡಿ ಅಂದಿದ್ದಕ್ಕೆ ರೇಡಿಯೋದ ಶೋಕ ವಾರ್ತೆ ಥರ ಓದಿದ್ರು. ಆಮೇಲೆ ಅವರ ಪಾಡಿಗೆ ಹೇಳೋಕೆ ಬಿಟ್ಟು, ವಾಕ್ಯಗಳ ನಡುವಿನ ಮೌನವನ್ನ ಮೊದಲ ಸುತ್ತಲ್ಲಿ ಒಂದು ಸೆಕೆಂಡಿಂದ ಕೊನೇ ಸುತ್ತಲ್ಲಿ ಮೂರು ಸೆಕೆಂಡಿಗೆ ತಂದ್ವಿ, ಅಷ್ಟೇ.

ತೊಟ್ಟಿಲು ತೂಗೋದು ಅಷ್ಟು ನಿಜ ಅನ್ಸುತ್ತಲ್ಲ, ಹೇಗೆ ಮಾಡಿದ್ರಿ?

ಇದನ್ನ ಕೇಳಿದ್ದಕ್ಕೆ ಖುಷಿ, ಯಾಕಂದ್ರೆ ಇದರ ಮೇಲೆ ಒಂದು ವಾರ ಹೋಗಿದೆ. ಮೊದಲು ನಾನು ಒಂದೂವರೆ ಸೆಕೆಂಡಿಗೆ ಒಂದು ತೂಗು ಇಟ್ಟಿದ್ದೆ. ಏನೋ ಆಟದ ಸಾಮಾನು ಅಲ್ಲಾಡ್ತಿರೋ ಹಾಗೆ ಕಾಣ್ತಿತ್ತು, ಯಾಕೆ ಅಂತ ತಿಳೀತಿರಲಿಲ್ಲ. ಆಮೇಲೆ ಹೈಸ್ಕೂಲಿನ ಲೋಲಕ ನೆನಪಾಯ್ತು. ತೂಗೋ ಸಮಯ ಹಗ್ಗದ ಉದ್ದದ ಮೇಲೆ ನಿಂತಿದೆ, ಒಂದೂವರೆ ಸೆಕೆಂಡ್ ಅಂದ್ರೆ ಹಗ್ಗ ಅರ್ಧ ಮೀಟರಿಗಿಂತ ಸ್ವಲ್ಪ ಹೆಚ್ಚು, ಅಂದ್ರೆ ಗೊಂಬೆ ತೊಟ್ಟಿಲೇ. ಊರಲ್ಲಿ ತೊಲೆಗೆ ಕಟ್ಟೋ ಸೀರೆ ಜೋಳಿಗೆ ಎರಡು ಮೀಟರಿಗೂ ಉದ್ದ ಇರುತ್ತೆ. ಸುಮಾರು 2.2 ಮೀಟರಿಗೆ ಒಂದು ಪೂರ್ತಿ ತೂಗು, ಹೋಗಿ ಬರೋದು ಸೇರಿ, ಮೂರು ಸೆಕೆಂಡ್ ಆಗುತ್ತೆ. ಹಾಗಾಗಿ ಹಗ್ಗವನ್ನ ಚೌಕಟ್ಟಿನ ಮೇಲ್ಗಡೆಗೂ ಆಚೆ ಹೋಗೋ ಹಾಗೆ ಬರೆದು, ತೂಗನ್ನ ಮೂರು ಸೆಕೆಂಡಿಗೆ ತಂದ್ವಿ, ತಕ್ಷಣ ತೊಟ್ಟಿಲಿಗೆ ಭಾರ ಬಂತು.

ಸೆಕೆಂಡಿಗೆ 24 ಫ್ರೇಮ್, ಒಂದೊಂದು ಚಿತ್ರವನ್ನ ಮೂರು ಫ್ರೇಮ್ ಹಿಡಿದಿಡ್ತೀವಿ, ಅಲ್ಲಿಗೆ ಒಂದು ತೂಗಿಗೆ 24 ಚಿತ್ರ. ಜೋಗುಳದ ಗುನುಗು ಕೂಡ ಇದೇ ಮೂರು ಸೆಕೆಂಡಿನ ಉಸಿರಿನಲ್ಲಿದೆ, ತೊಟ್ಟಿಲು ಒಂದು ತುದಿ ಮುಟ್ಟಿದಾಗ ಗುನುಗು ಏರುತ್ತೆ, ವಾಪಸ್ ಬರುವಾಗ ಇಳಿಯುತ್ತೆ. ಎಷ್ಟೋ ಅಪ್ಪಂದಿರು ತಮಗೇ ಮೊದಲು ನಿದ್ದೆ ಬಂತು ಅಂತ ದೂರು ಕೊಟ್ಟಿದ್ದು ಈ ಜಾಗದಲ್ಲೇ.

ಬಾಗಿಲು ಬಡಿಯೋ ಸದ್ದು ಮಲಗೋ ಕಥೆಗೆ ಹೇಗೆ ಹೊಂದುತ್ತೆ?

ಹೊಂದಲ್ಲ! ಇದೇ ನಮ್ಮ ದೊಡ್ಡ ತಲೆನೋವಾಗಿತ್ತು. ಕಥೆ ನಿಂತಿರೋದೇ ಬಡಿತದ ಮೇಲೆ, ಆದ್ರೆ ಬಡಿತ ಅಂದ್ರೆ ಏಕಾಏಕಿ ಬರೋ ಸದ್ದು, ನಿದ್ದೆಗೆ ಜಾರ್ತಿರೋ ಮಗು ಬೆಚ್ಚಿ ಬೀಳೋದು ಅಂಥ ಸದ್ದಿಗೇ. ಮೊದಲ ಆವೃತ್ತಿ ಹಾಕಿದ ರಾತ್ರಿ ನಾನು ಸ್ಕ್ರೀನ್ ನೋಡದೆ ಮಗಳನ್ನೇ ನೋಡ್ತಾ ಕೂತು, ಎಷ್ಟನೇ ನಿಮಿಷಕ್ಕೆ ಏನು ಮಾಡಿದ್ಲು ಅಂತ ನೋಟ್‌ಬುಕ್ಕಲ್ಲಿ ಗೀಚಿದ್ದೆ. ಮೂರನೇ ಬಡಿತಕ್ಕೆ ಕಣ್ಣು ಪೂರ್ತಿ ತೆರೀತು, ನಾಲ್ಕನೇದಕ್ಕೆ ಎದ್ದು ಕೂತು ನಮ್ಮ ಮನೆ ಬಾಗಿಲ ಕಡೆ ತೋರಿಸಿದ್ಲು. ಅತ್ತೆ ಒಳಗಿಂದ, "ಏನವಾ ಇದು, ಬಾಗಲಾ ಬಡದಂಗ ಇಲ್ಲ, ತಲಿ ಮ್ಯಾಲೆ ಬಡದಂಗ ಐತಿ" ಅಂದ್ರು.

ಆಮೇಲೆ ಮಾಡಿದ್ದು ಇದು. ಊಟದ ಮಣೆ ಮೇಲೆ ಮಡಚಿದ ಟವೆಲ್ ಹಾಸಿ, ಗೆಣ್ಣಿನ ಬದಲು ಬೆರಳ ತುದಿಯ ಮೆತ್ತನೆ ಭಾಗದಿಂದ ತಟ್ಟಿ ರೆಕಾರ್ಡ್ ಮಾಡಿದ್ವಿ. ಸದ್ದು ಶುರುವಾಗೋ ಮೊದಲ 30-40 ಮಿಲಿಸೆಕೆಂಡಿಗೆ ಪುಟ್ಟ ಫೇಡ್ ಕೊಟ್ವಿ, ಟಕ್ ಅನ್ನೋದು ಆವಾಗ ಧಪ್ ಆಗುತ್ತೆ. ಮೇಲಿನ ಚೂಪಾದ ಭಾಗವನ್ನ ಫಿಲ್ಟರಿಂದ ತೆಗೆದ್ವಿ. ಇಲ್ಲಿ ಅತಿಯಾಸೆ ಬೇಡ, ಮೊದಲು ನಾನು 500 ಹರ್ಟ್ಸ್ ಮೇಲಿಂದು ಎಲ್ಲಾ ತೆಗೆದಿದ್ದೆ, ಹೆಡ್‌ಫೋನಲ್ಲಿ ದೇವರಾಣೆಗೂ ಚಂದ, ಫೋನಲ್ಲಿ ಹಾಕಿದ್ರೆ ಬಡಿತವೇ ಮಾಯ. ಫೋನಿನ ಪುಟಾಣಿ ಸ್ಪೀಕರಿಗೆ ಕೆಳಗಿನ ದಪ್ಪ ಸದ್ದು ಹೊರಡಿಸೋಕೆ ಆಗಲ್ಲ. ಕೊನೆಗೆ 400ರಿಂದ 1200 ಹರ್ಟ್ಸ್ ನಡುವಿನ ಭಾಗ ಉಳಿಸ್ಕೊಂಡ್ವಿ.

ಮುಖ್ಯವಾದದ್ದು ಇನ್ನೊಂದು. ಬಡಿತಕ್ಕೆ ಮುಂಚೆ ಸುಳಿವು ಕೊಡಬೇಕು. ಕಾಗಕ್ಕ ರೆಕ್ಕೆ ಎತ್ತುತ್ತೆ, ಮಳೆ ಸದ್ದು ಚೂರು ತಗ್ಗುತ್ತೆ, ಒಂದು ಸೆಕೆಂಡ್ ಆಮೇಲೆ ಬಡಿತ. ಮೂರು ಬಡಿತ ಮೊದಲ ಸುತ್ತಲ್ಲಿ, ನಾಲ್ಕನೇ ಸುತ್ತಿಗೆ ಎರಡು, ಐದಕ್ಕೆ ಒಂದೇ, ಆರಕ್ಕೆ ಬಡಿತವೇ ಇಲ್ಲ. ಅಷ್ಟೊತ್ತಿಗೆ ಮಗು ಮನಸ್ಸಲ್ಲೇ ಬಡಿದಿರುತ್ತೆ.

ಮಳೆ ಸದ್ದು ಎಲ್ಲಿಂದ ತಂದ್ರಿ?

ನಮ್ಮ ಬಾಲ್ಕನಿಯಿಂದಲೇ, ಜುಲೈನಲ್ಲಿ, ರಾತ್ರಿ ಮೂರು ಗಂಟೆಗೆ, ಯಾಕಂದ್ರೆ ಬೇರೆ ಹೊತ್ತಲ್ಲಿ ಮಳೆಗಿಂತ ರಿಕ್ಷಾ ಹಾರ್ನ್ ಜಾಸ್ತಿ. ಕೆಳಗಿನ ಪಾರ್ಕಿಂಗಿನ ತಗಡಿನ ಮೇಲೆ ಬೀಳೋ ಮಳೆ ಬೇಡ, ಹುರಿಗಡಲೆ ಹುರಿದ ಹಾಗೆ ಕೇಳುತ್ತೆ. ಮಣ್ಣು, ಎಲೆ ಮೇಲೆ ಬೀಳೋದು ಮೆತ್ತಗಿರುತ್ತೆ. ಆನ್‌ಲೈನ್‌ಗೆ ಹಾಕಿದಾಗ ಆಡಿಯೋ ಕುಗ್ಗಿಸ್ತಾರಲ್ಲ, ಆಗ ಮೊದಲು ಕೆಡೋದು ಮಳೆಯೇ, ನಲ್ಲಿ ನೀರು ಬಕೆಟಲ್ಲಿ ಸುತ್ತಿದ ಹಾಗೆ ಗುಳುಗುಳು ಅನ್ನುತ್ತೆ. ಮೇಲಿನ ಹಿಸ್ ಅನ್ನೋ ಭಾಗವನ್ನ ಮೊದಲೇ ನಾವೇ ತಗ್ಗಿಸಿದ್ರೆ ಅದು ಬಹುತೇಕ ಹೋಗುತ್ತೆ.

ಲೂಪ್ ಬಗ್ಗೆ ಒಂದು ಮಾತು. ಅರ್ಧ ನಿಮಿಷದ ಮಳೆಯನ್ನೇ ತಿರುಗಿಸಿ ತಿರುಗಿಸಿ ಹಾಕಿದ್ರೆ ಅದರೊಳಗಿನ ಒಂದು ತೊಟಕ್ ಅನ್ನೋ ಹನಿ ಪ್ರತಿ ಅರ್ಧ ನಿಮಿಷಕ್ಕೆ ಬರುತ್ತೆ, ಒಮ್ಮೆ ಕಿವಿಗೆ ಬಿತ್ತೋ ಮುಗೀತು, ಅದಕ್ಕೇ ಕಾಯ್ತಾ ಮಲಗ್ತೀರಿ. ನಾವು 47 ಸೆಕೆಂಡಿನ ಒಂದು ಪದರ, 61 ಸೆಕೆಂಡಿನ ಇನ್ನೊಂದು ಪದರ ಒಟ್ಟಿಗೆ ಓಡಿಸ್ತೀವಿ, ಎರಡೂ ಮತ್ತೆ ಅದೇ ಜೋಡಿಲಿ ಸಿಗೋಕೆ ಮುಕ್ಕಾಲು ಗಂಟೆ ಮೇಲೆ ಬೇಕು.

ವಾಲ್ಯೂಮ್ ಎಷ್ಟಿರಬೇಕು? ನಮ್ಮದು ಅಪ್‌ಲೋಡ್ ಮಾಡಿದ್ಮೇಲೆ ತುಂಬಾ ಮೆಲ್ಲಗೆ ಕೇಳ್ತಿದೆ.

ಯೂಟ್ಯೂಬು ಜೋರಾಗಿರೋದನ್ನ ತಗ್ಗಿಸುತ್ತೆ, ಮೆಲ್ಲಗಿರೋದನ್ನ ಏರಿಸಲ್ಲ. ಅದು ತಗ್ಗಿಸೋ ಮಟ್ಟ ಸುಮಾರು -14 ಲಫ್ಸ್. ಲಫ್ಸ್ ಅಂದ್ರೆ ಕಿವಿಗೆ ಎಷ್ಟು ಜೋರು ಅನ್ಸುತ್ತೆ ಅನ್ನೋದರ ಅಳತೆ, ಸೊನ್ನೆಯಿಂದ ಕೆಳಗೆ ಹೋದಷ್ಟೂ ಮೆಲ್ಲಗೆ. ನಾವು ಮೊದಲು -28ಕ್ಕೆ ಇಟ್ಟಿದ್ವಿ, ಮೆತ್ತಗಿರ್ಲಿ ಅಂತ. ಆಗಿದ್ದೇನು, ಎಲ್ಲರೂ ವಾಲ್ಯೂಮ್ ಪೂರ್ತಿ ಏರಿಸಿದ್ರು, ಮುಗಿದ ತಕ್ಷಣ ಮುಂದಿನ ವಿಡಿಯೋ ಸಿಡಿಲು ಬಡಿದ ಹಾಗೆ ಶುರುವಾಯ್ತು, ಮಲಗಿದ್ದ ಮಗು ಎದ್ದು ಕೂತು ರಾಗ ತೆಗೀತು. ನನ್ನ ತಂಗಿ ಫೋನ್ ಮಾಡಿ ಬೈದ್ಲು. ಈಗ ಶುರುವಲ್ಲಿ -20, ಕೊನೇ ಸುತ್ತಿಗೆ ಸುಮಾರು -30ಕ್ಕೆ ಇಳಿಯುತ್ತೆ. ffmpeg ಅನ್ನೋ ಸಾಫ್ಟ್‌ವೇರಲ್ಲಿ ಅಳೆಯೋಕೆ ಟರ್ಮಿನಲ್ಲಲ್ಲಿ ಹೀಗೆ ಬರೀಬೇಕು:

```
ffmpeg -i gubbavva.wav -af ebur128 -f null -
```

ಇದು ಓಡ್ತಾ ಸಾಲು ಸಾಲು ನಂಬರ್ ಬರುತ್ತೆ. `I:` ಅನ್ನೋದು ಇಡೀ ಫೈಲಿನ ಲೆಕ್ಕ, ನಮಗೆ ಅದಕ್ಕಿಂತ `S:` ಮುಖ್ಯ, ಅದು ಹಿಂದಿನ ಮೂರು ಸೆಕೆಂಡಿನ ಲೆಕ್ಕ. ಆ ನಂಬರ್ ಮೆಲ್ಲಮೆಲ್ಲಗೆ ಇಳೀತಾ ಹೋಗಬೇಕು, ಎಲ್ಲಾದ್ರೂ ಧಿಡೀರ್ ಅಂತ ಐದಾರು ಏರಿತು ಅಂದ್ರೆ ಅಲ್ಲಿ ಮಗು ಏಳುತ್ತೆ ಅಂತಲೇ ತಿಳ್ಕೊಳ್ಳಿ. ಆಟೋಪ್ಲೇ ಆಫ್ ಮಾಡಿ, ಸಾಧ್ಯ ಆದ್ರೆ ಫೈಲನ್ನೇ ಫೋನಿಗೆ ಹಾಕ್ಕೊಂಡು ಏರೋಪ್ಲೇನ್ ಮೋಡಲ್ಲಿ ಹಾಕಿ. ಜಾಹೀರಾತಿನ ಕೆಲಸ ಮಾಡೋಳಾಗಿ ಹೇಳ್ತಿದೀನಿ, ಜಾಹೀರಾತಿಗೆ ಮಗು ಮಲಗಿದೆ ಅನ್ನೋ ಕರುಣೆ ಇರಲ್ಲ.

ಬಣ್ಣ, ಬೆಳಕು?

ಶುರುವಲ್ಲಿ ಸಂಜೆಯ ಬೂದು, ಒಳಗೆ ಚಿಮಣಿ ದೀಪದ ಹಳದಿ, ಸುತ್ತು ಸುತ್ತಿಗೂ ದೀಪ ಚೂರು ತಗ್ಗುತ್ತೆ, ಕೊನೆಗೆ ಕೆಂಡದ ಬಣ್ಣ, ಆಮೇಲೆ ಕಪ್ಪು. ಬಿಳಿ ಎಲ್ಲೂ ಇಲ್ಲ, ಗುಬ್ಬಕ್ಕ ಕುಡಿಸೋ ಹಾಲು ಕೂಡ ಕೆನೆ ಬಣ್ಣ. ಕೊನೆಯಲ್ಲಿ ಹೆಸರುಗಳ ಪಟ್ಟಿ ಹಾಕಬೇಡಿ, ಕತ್ತಲೆ ಕೋಣೇಲಿ ಬಿಳಿ ಅಕ್ಷರ ಬಂದ್ರೆ ಟಾರ್ಚ್ ಬಿಟ್ಟ ಹಾಗೆ. ನಮ್ಮ ಹೆಸರೆಲ್ಲಾ ಶುರುವಲ್ಲೇ ಇದೆ.

ಕತ್ತಲೆ ದೃಶ್ಯದಲ್ಲಿ ಗೋಡೆ ಮೇಲೆ ನಯವಾಗಿ ಕರಗೋ ಬಣ್ಣ ಹಾಕಿದ್ರೆ ಅಪ್‌ಲೋಡ್ ಆದ್ಮೇಲೆ ಅದು ಮೆಟ್ಟಿಲು ಮೆಟ್ಟಿಲಾಗಿ ಒಡೆದು ಪಟ್ಟೆ ಕಾಣುತ್ತೆ. ಒರಟು ಕಾಗದದ ಮೇಲೆ ಬಳಿದ ಹಾಗೆ ಟೆಕ್ಸ್ಚರ್ ಕೊಟ್ರೆ ಪಟ್ಟೆ ಮುಚ್ಚಿಹೋಗುತ್ತೆ. ಮತ್ತೆ ನಾವು ಎಷ್ಟೇ ಕಪ್ಪು ಮಾಡಿದ್ರೂ ಹಾಲಿನ ಹಳೇ ಎಲ್‌ಸಿಡಿ ಟಿವಿಲಿ ಹಿಂದಿನ ಬೆಳಕು ಉರೀತಾನೇ ಇರುತ್ತೆ, ಅದಕ್ಕೆ ನಮ್ಮತ್ರ ಮದ್ದಿಲ್ಲ, ಟಿವಿ ಆಫ್ ಮಾಡಿ.

ಕಾಗಕ್ಕ ಮಳೇಲಿ ನೆನೆಯೋದು ನೋಡಿ ನಮ್ಮ ಮಗ ಅತ್ತ. ಇದು ಮಲಗೋ ಕಥೆನಾ?

ನಿಮ್ಮ ಮಗ ಒಬ್ಬನೇ ಅಲ್ಲ. ಮೊದಲ ಆವೃತ್ತಿಲಿ ಕಾಗಕ್ಕ ತೊಯ್ದು ತೊಪ್ಪೆ ಆಗಿ ನಿಂತಿತ್ತು, ಮೂರು ಮನೆ ಮಕ್ಕಳಿಗೆ ತೋರಿಸಿದ್ರೆ ಇಬ್ಬರು ಅತ್ರು, ಒಬ್ಬಳು ಗುಬ್ಬಕ್ಕನ ಮೇಲೆ ಸಿಟ್ಟಾದ್ಲು. ನಾವು ದೊಡ್ಡೋರು ಬರೀ ಲಯ ಕೇಳ್ತೀವಿ, ಮಕ್ಕಳು ಕಥೆ ಕೇಳ್ತಾರೆ, ಹೊರಗೆ ಒಬ್ಬಳು ನೆನೀತಿದ್ದಾಳೆ ಅನ್ನೋದು ಅವರಿಗೆ ಸಣ್ಣ ವಿಷಯ ಅಲ್ಲ. ಹಳೇ ಕಥೆಯ ಕೊನೆ ಇನ್ನೂ ಖಾರ, ಕಾಗಕ್ಕನಿಗೆ ಅದರಲ್ಲಿ ಒಳ್ಳೇದಾಗಲ್ಲ. ಅತ್ತೆಗೆ ಬದಲಾಯಿಸೋದು ಇಷ್ಟ ಇರಲಿಲ್ಲ, ಎರಡು ದಿನ ವಾದ ನಡೀತು. ಕೊನೆಗೆ ಅವರೇ ದಾರಿ ತೋರಿಸಿದ್ರು, "ಸೂರಿನ ಕೆಳಗ ನಿಂದ್ರಸು, ಬಾಳಿ ಎಲಿ ಕೊಡು." ಈಗಿನ ಆವೃತ್ತಿಲಿ ಕಾಗಕ್ಕ ಸೂರಿನ ಕೆಳಗೆ ಬಾಳೆ ಎಲೆ ಹಿಡ್ಕೊಂಡು ಒಣಗಿಯೇ ಇರುತ್ತೆ, ಎರಡನೇ ಸುತ್ತಿನಿಂದ ಅಲ್ಲೇ ಒರಗಿ ಕೂರುತ್ತೆ. ನಿಮ್ಮತ್ರ ಹಳೇ ಫೈಲ್ ಇದ್ರೆ ಅಳಿಸಿ, ಹೊಸದು ಕಳಿಸ್ತೀನಿ.

ಸರಿಯಾಗಿದೆಯಾ ಅಂತ ಪರೀಕ್ಷೆ ಮಾಡೋದು ಹೇಗೆ?

ಮಗು ಮಲಗಿತಾ ಇಲ್ವಾ ಅಂತ ಮಾತ್ರ ನೋಡಿದ್ರೆ ಮೋಸ ಹೋಗ್ತೀರಿ, ಮಧ್ಯಾಹ್ನ ಮಲಗಿದ್ದ ದಿನ ಯಾವ ಕಥೆಗೂ ಮಲಗಲ್ಲ. ನಾವು ಮೂರು ನೋಡ್ತೀವಿ. ಮೂರನೇ ರಾತ್ರಿ ಹೊತ್ತಿಗೆ ಮಗು ಮುಂದಿನ ಸಾಲನ್ನ ತಾನೇ ಹೇಳುತ್ತಾ, ಕೊನೇ ಎರಡು ಸುತ್ತಲ್ಲಿ ಕೈಕಾಲು ಆಡ್ಸೋದು ಕಡಿಮೆ ಆಗುತ್ತಾ, ಫೋನ್ ಬೋರಲು ಹಾಕಿದಾಗ ತಿರುಗಿಸು ಅಂತ ಹಠ ಮಾಡುತ್ತಾ. ನಮ್ಮವಳು ಐದನೇ ರಾತ್ರಿ ತಾನೇ ಬೋರಲು ಹಾಕಿದ್ಲು. ಆದ್ರೆ ಎದುರು ಮನೆ ಹುಡುಗ ಹದಿನೈದು ದಿನ ಆದ್ರೂ ಚಿತ್ರ ಬೇಕೇ ಬೇಕು ಅಂದ, ಅವನ ಅಮ್ಮ ವಿಡಿಯೋ ಬಿಟ್ಟು ಬಾಯಲ್ಲೇ ಹೇಳೋಕೆ ಶುರು ಮಾಡಿದ್ರು, ಅದು ಕೆಲಸ ಮಾಡ್ತು.

ಕೊನೇಲಿ ಬಾಗಿಲು ತೆಗೀತಾಳಾ?

ಇದು ಮಕ್ಕಳು ಕೇಳೋ ಪ್ರಶ್ನೆ, ಹಾಗಾಗಿ ಪಟ್ಟಿಗೆ ಸೇರಿಸಿದೀನಿ. ತೆಗೀತಾಳೆ. ಆರನೇ ಸುತ್ತಲ್ಲಿ ಕೂಸು ಮಲಗಿದ್ಮೇಲೆ ಬಾಗಿಲು ಸದ್ದಿಲ್ದೆ ತೆರೆಯುತ್ತೆ, ಕಾಗಕ್ಕ ಕಾಲೊರೆಸ್ಕೊಂಡು ಒಳಗೆ ಬಂದು ತೊಟ್ಟಿಲ ಹಗ್ಗ ಹಿಡೀತಾಳೆ, ಗುಬ್ಬವ್ವನಿಗೆ ಅಷ್ಟೊತ್ತಿಗೆ ತೂಕಡಿಕೆ ಬಂದಿರುತ್ತೆ. ಇದನ್ನ ಪೂರ್ತಿ ನೋಡಿದ ಮಗು ನನಗೆ ಗೊತ್ತಿರೋ ಹಾಗೆ ಇಬ್ಬರೇ, ಒಬ್ಬನಿಗೆ ಅವತ್ತು ಜ್ವರ ಇತ್ತು.